ರಜೆ ಮೇಲ್‌ನಲ್ಲಿ ಎಷ್ಟು ಹೇಳಬೇಕು?

ಪ್ರಶ್ನೆ: ಮೇಡಂ, ನನಗೆ 34 ವರ್ಷ. ಮುಂದಿನ ತಿಂಗಳು ಐವಿಎಫ್ ಚಿಕಿತ್ಸೆ ಶುರುವಾಗುತ್ತದೆ. ಮನೆಯಲ್ಲೇ ಎಲ್ಲರಿಗೂ ಹೇಳಿಲ್ಲ. ಮ್ಯಾನೇಜರ್‌ಗೆ ರಜೆ ಮೇಲ್ ಬರೆಯಲು ಕೂತರೆ ಕೈಯೇ ಓಡುವುದಿಲ್ಲ. ಪೂರ್ತಿ ಹೇಳಲು ಮುಜುಗರ. ಬರೀ ‘ಪರ್ಸನಲ್ ಕೆಲಸ’ ಅಂದರೆ ರಜೆ ಸಿಗುತ್ತಾ? ಸಂಬಂಧಿಕರ ಮದುವೆ ಅಂದುಬಿಡಲಾ?

ಉತ್ತರ: ಮದುವೆ ಮಾತ್ರ ಬೇಡ. ಸುಳ್ಳು ಹೇಳುವುದು ತಪ್ಪು ಅಂತಲ್ಲ, ಈ ಸುಳ್ಳು ನಿಮ್ಮ ಚಿಕಿತ್ಸೆಗೆ ಹೊಂದುವುದಿಲ್ಲ. ಮದುವೆಗೆ ದಿನಾಂಕ ಮೊದಲೇ ಗೊತ್ತಿರುತ್ತದೆ. ಐವಿಎಫ್‌ನಲ್ಲಿ ಇಂಜೆಕ್ಷನ್ ಶುರುವಾದ ಮೇಲೆ ಹತ್ತು ಹನ್ನೆರಡು ದಿನ, ಎರಡು ಮೂರು ದಿನಕ್ಕೊಮ್ಮೆ ಸ್ಕ್ಯಾನ್ ಇರುತ್ತದೆ. ಅಂಡಾಣು ತೆಗೆಯುವ ದಿನ ಯಾವುದು ಅಂತ ಡಾಕ್ಟರ್ ಖಚಿತವಾಗಿ ಹೇಳುವುದು ಹೆಚ್ಚುಕಮ್ಮಿ ಎರಡು ದಿನ ಮುಂಚೆ. ಕೊನೆಯ ಇಂಜೆಕ್ಷನ್ ಆಗಿ ಸುಮಾರು 36 ಗಂಟೆಗೆ ಅದನ್ನು ಮಾಡಲೇಬೇಕು. ಅಷ್ಟು ಕಡಿಮೆ ಸಮಯದಲ್ಲಿ ಇನ್ನೊಂದು ಮದುವೆ ಎಲ್ಲಿಂದ ತರುತ್ತೀರಿ?

‘ಪರ್ಸನಲ್ ಕೆಲಸ’ ಅನ್ನುವುದರಲ್ಲೂ ಒಂದು ತೊಂದರೆ ಇದೆ. ಪರ್ಸನಲ್ ಕೆಲಸ ಅಂದ ತಕ್ಷಣ ‘ಮುಂದಿನ ವಾರ ಮಾಡಿಕೊಂಡರೆ ಆಗಲ್ವಾ?’ ಅನ್ನುವ ಮಾತು ಬರುತ್ತದೆ. ‘ಚಿಕಿತ್ಸೆ’ ಅಂತ ಬರೆದರೆ ಆ ಮಾತು ಬರುವುದು ಕಡಿಮೆ. ಅಲ್ಲಿಗೆ ನಿಲ್ಲಿಸಿ. ಯಾವ ಚಿಕಿತ್ಸೆ, ಯಾವ ಅಂಗಕ್ಕೆ, ಎಷ್ಟನೇ ಪ್ರಯತ್ನ, ಇದ್ಯಾವುದೂ ಬೇಡ. ಮ್ಯಾನೇಜರ್‌ಗೆ ನಿಜವಾಗಿ ಬೇಕಾಗಿರುವುದು ನೀವು ಯಾವಾಗ ಇರುವುದಿಲ್ಲ, ಆಗ ನಿಮ್ಮ ಕೆಲಸ ಯಾರ ಕೈಯಲ್ಲಿ ಅನ್ನುವುದು. ಕಾರಣ ಚಿಕ್ಕದಿರಲಿ, ಏರ್ಪಾಟಿನ ಬಗ್ಗೆ ಜಾಸ್ತಿ ಬರೆಯಿರಿ. ಹೀಗೆ ಬರೆಯಬಹುದು:

“ಸರ್, ಮುಂದಿನ ತಿಂಗಳು ನಾನು ಮೊದಲೇ ನಿಗದಿಯಾದ ಒಂದು ಚಿಕಿತ್ಸೆ ತೆಗೆದುಕೊಳ್ಳುತ್ತಿದ್ದೇನೆ. 4ರಿಂದ 16ರ ನಡುವೆ ನಾಲ್ಕೈದು ದಿನ ಬೆಳಗ್ಗೆ ಆಸ್ಪತ್ರೆಗೆ ಹೋಗಬೇಕು, ಆ ದಿನ 11 ಗಂಟೆಗೆ ಬರುತ್ತೇನೆ. 14ರಿಂದ 18ರೊಳಗೆ ಎರಡು ದಿನ ಪೂರ್ತಿ ರಜೆ ಬೇಕು. ಅದರ ದಿನಾಂಕ ಎರಡು ದಿನ ಮುಂಚೆಯಷ್ಟೇ ಗೊತ್ತಾಗುತ್ತದೆ, ಗೊತ್ತಾದ ಕೂಡಲೇ ತಿಳಿಸುತ್ತೇನೆ. ತಿಂಗಳ ರಿಪೋರ್ಟ್ ಅನ್ನು 12ರೊಳಗೆ ಮುಗಿಸಿ ಸಹೋದ್ಯೋಗಿಗೆ ಒಪ್ಪಿಸುತ್ತೇನೆ, ಅವರ ಜೊತೆ ಮಾತಾಡಿದ್ದೇನೆ.”

ದಿನಾಂಕಗಳನ್ನು ನಿಮ್ಮ ಡಾಕ್ಟರ್ ಹೇಳಿದಂತೆ ಬದಲಿಸಿಕೊಳ್ಳಿ. ಇದರಲ್ಲಿ ಒಂದೂ ಸುಳ್ಳಿಲ್ಲ, ಗುಟ್ಟೂ ಹೊರಬಿದ್ದಿಲ್ಲ. ಎರಡು ದಿನ ಯಾಕೆ ಅಂದರೆ, ಅಂಡಾಣು ತೆಗೆಯುವಾಗ ಸಾಮಾನ್ಯವಾಗಿ ಮಂಪರಿನ ಔಷಧಿ ಕೊಡುತ್ತಾರೆ. ಅವತ್ತು ಮಧ್ಯಾಹ್ನ ಆಫೀಸಿಗೆ ಬರುತ್ತೇನೆ ಅಂತ ಧೈರ್ಯ ತೋರಿಸಬೇಡಿ. ಭ್ರೂಣ ಒಳಗಿಡುವ ದಿನ ಆಮೇಲೆ ಬರುತ್ತದೆ, ಕೆಲವೊಮ್ಮೆ ವಾರಗಳ ನಂತರ. ಅದಕ್ಕೆ ಬೇರೆ ಮೇಲ್ ಬರೆದರಾಯಿತು, ಈಗಲೇ ಸೇರಿಸಬೇಡಿ.

ಮೇಲ್ ವಿಷಯದಲ್ಲಿ ನಾನೇ ಒಮ್ಮೆ ಪೆಟ್ಟು ತಿಂದಿದ್ದೇನೆ. ಹಳೆಯ ಕೆಲಸದಲ್ಲಿ ಮನೆಯ ಕಷ್ಟವನ್ನೆಲ್ಲ ಮೂರು ಪ್ಯಾರಾ ಬರೆದು ರಜೆ ಕೇಳಿದೆ. ಬಾಸ್ ಒಳ್ಳೆಯವರೇ. ಆದರೆ ‘ಇವರ ಕೆಲಸ ನೋಡಿಕೊಳ್ಳಿ’ ಅಂತ ಅದೇ ಮೇಲನ್ನು ಇಡೀ ಟೀಮಿಗೆ ಫಾರ್ವರ್ಡ್ ಮಾಡಿದರು. ಹಾಗಾಗಿ ನಾಲ್ಕು ಜನ ಓದಿದರೂ ಪರವಾಗಿಲ್ಲ ಅನ್ನಿಸುವಷ್ಟನ್ನೇ ಮೇಲ್‌ನಲ್ಲಿ ಬರೆಯಿರಿ. ಸಬ್ಜೆಕ್ಟ್‌ನಲ್ಲಿ ಬರೀ ‘ರಜೆ’ ಮತ್ತು ದಿನಾಂಕ ಸಾಕು. ಮೀಟಿಂಗ್ ನಡೆಯುವಾಗ ಪರದೆಯ ಮೇಲೆ ನೋಟಿಫಿಕೇಶನ್ ಹಾರುವುದುಂಟು.

‘ಏನಾಗಿದೆ, ಸೀರಿಯಸ್ಸಾ?’ ಅಂತ ಮ್ಯಾನೇಜರ್ ಕೇಳಬಹುದು. ಎಷ್ಟೋ ಸಲ ಅದು ಕಾಳಜಿಯೇ. ‘ಗಾಬರಿ ಪಡುವಂಥದ್ದಲ್ಲ ಸರ್, ಡಾಕ್ಟರ್ ನೋಡಿಕೊಳ್ಳುತ್ತಿದ್ದಾರೆ. ವಿವರ ನನ್ನಲ್ಲೇ ಇರಲಿ’ ಅನ್ನಿ. ಈ ಮಾತನ್ನು ಮೊದಲೇ ಒಂದೆರಡು ಸಲ ಬಾಯಲ್ಲಿ ಹೇಳಿ ನೋಡಿ. ಇಲ್ಲದಿದ್ದರೆ ಆ ಕ್ಷಣದ ತಡವರಿಕೆಯಲ್ಲಿ ಎಲ್ಲ ಹೊರಗೆ ಬಂದುಬಿಡುತ್ತದೆ. ಆಮೇಲೂ ಒತ್ತಿ ಒತ್ತಿ ಕೇಳಿದರೆ, ‘ದಾಖಲೆ ಬೇಕಿದ್ದರೆ ಎಚ್‌ಆರ್‌ಗೆ ಕೊಡುತ್ತೇನೆ’ ಅಂದುಬಿಡಿ.

ದಾಖಲೆ ಅಂದಾಗ ನೆನಪಾಯಿತು. ಗುಟ್ಟು ಸೋರುವುದು ಎಷ್ಟೋ ಸಲ ಇಲ್ಲೇ. ಮೇಲ್‌ನಲ್ಲಿ ಅಷ್ಟು ಜೋಪಾನ ಮಾಡಿ, ಕೊನೆಗೆ ಫರ್ಟಿಲಿಟಿ ಸೆಂಟರ್ ಅಂತ ದಪ್ಪಕ್ಷರದಲ್ಲಿ ಹೆಸರಿರುವ ಲೆಟರ್‌ಹೆಡ್ ಅಂಟಿಸಿ ಕಳಿಸುತ್ತೇವೆ! ಡಾಕ್ಟರ್ ಹತ್ತಿರ ಮುಂಚೆಯೇ ಮಾತಾಡಿ. ‘ನನ್ನ ಚಿಕಿತ್ಸೆಯಲ್ಲಿದ್ದಾರೆ, ಈ ದಿನಗಳು ವಿಶ್ರಾಂತಿ ಬೇಕು’ ಅಂತ ಮಾತ್ರ ಬರೆದುಕೊಡಲು ಕೇಳಿ. ಕಾಯಿಲೆಯ ಹೆಸರಿಲ್ಲದ ಚೀಟಿ ನಡೆಯುತ್ತಾ, ಮ್ಯಾನೇಜರ್ ಬದಲು ನೇರ ಎಚ್‌ಆರ್‌ಗೇ ಕೊಡಬಹುದಾ ಅಂತ ಎಚ್‌ಆರ್ ಬಳಿ ಈಗಲೇ ವಿಚಾರಿಸಿಡಿ. ರಜೆ ಹಾಕುವ ಪೋರ್ಟಲ್‌ನಲ್ಲಿ ಕಾರಣದ ಜಾಗವಿದ್ದರೆ ಅಲ್ಲೂ ‘ಚಿಕಿತ್ಸೆ’ ಅನ್ನುವ ಒಂದೇ ಪದ ಹಾಕಿ.

ಚಿಕಿತ್ಸೆಯನ್ನು ಮೊದಲಿನಿಂದ ಮತ್ತೆ ಮಾಡಬೇಕಾಗಿ ಬಂದರೆ, ಮೂರು ನಾಲ್ಕು ತಿಂಗಳು ಪದೇ ಪದೇ ರಜೆ ಬೀಳುತ್ತದೆ. ಆಗ ಮ್ಯಾನೇಜರ್ ಮನಸ್ಸಿನಲ್ಲಿ ಬೇರೆ ಊಹೆ ಹುಟ್ಟಬಹುದು, ಬೇರೆ ಕೆಲಸ ಹುಡುಕುತ್ತಿದ್ದಾರೇನೋ ಅಂತ. ಅವರು ನಂಬಿಕಸ್ಥರು ಅನ್ನಿಸಿದರೆ ಆ ಹೊತ್ತಿಗೆ ಇನ್ನೂ ಸ್ವಲ್ಪ ಹೇಳಬಹುದು. ಆದರೆ ಅದನ್ನು ಬಾಗಿಲು ಹಾಕಿದ ರೂಮಿನಲ್ಲಿ ಎದುರು ಕೂತು ಹೇಳಿ, ಮೇಲ್‌ನಲ್ಲಿ ಬರೆಯಬೇಡಿ.