ಮೂರು ಸಲ ಕರೆಸಿದ ಮೇಲೆ ಇಲ್ಲ ಅನ್ನುವುದು ಹೇಗೆ?

"ಮಾಚೇನಹಳ್ಳಿಯ ಸಣ್ಣ ಕಂಪನಿಯೊಂದಕ್ಕೆ ಜನ ಆರಿಸುವುದು ನನ್ನ ಕೆಲಸ. ಅಕೌಂಟೆಂಟ್ ಹುದ್ದೆಗೆ ತೀರ್ಥಹಳ್ಳಿಯ ಹುಡುಗಿಯೊಬ್ಬಳು ಮೂರು ಸಲ ಇಂಟರ್‌ವ್ಯೂಗೆ ಬಂದು ಹೋದಳು. ಚೆನ್ನಾಗೇ ಉತ್ತರ ಕೊಟ್ಟಳು, ಆದರೆ ಬೇರೊಬ್ಬರನ್ನು ತಗೊಂಡಿದ್ದೇವೆ. ಬೇಜಾರಾಗದ ಹಾಗೆ ಮೇಲ್ ಹೇಗೆ ಬರೆಯಲಿ?"
— ಓದುಗರು, ಶಿವಮೊಗ್ಗ

ಬೇಜಾರು ಆಗೇ ಆಗುತ್ತದೆ. ಅದನ್ನು ತಪ್ಪಿಸಲು ಹೋದರೆ ಮಾತು ಮಸುಕಾಗುತ್ತದೆ, ಅದು ಇನ್ನೂ ಕೆಟ್ಟದ್ದು. ಓದು ಮುಗಿಸಿದ ವರ್ಷ ನನಗೊಂದು ಪತ್ರ ಬಂದಿತ್ತು: ನಿಮ್ಮ ಅರ್ಜಿ ನಮ್ಮ ಕಡತದಲ್ಲಿದೆ, ಅವಕಾಶವಾದಾಗ ತಿಳಿಸುತ್ತೇವೆ ಅಂತ. ಇಲ್ಲ ಅನ್ನುವ ಮಾತು ಅದರಲ್ಲಿ ಎಲ್ಲೂ ಇರಲಿಲ್ಲ. ಎರಡು ತಿಂಗಳು ಪೋಸ್ಟ್‌ಮ್ಯಾನ್ ದಾರಿ ಕಾದೆ, ಅಷ್ಟರಲ್ಲಿ ಕೈಗೆ ಬಂದಿದ್ದ ಇನ್ನೊಂದು ಕೆಲಸವನ್ನೂ ಬಿಟ್ಟುಕೊಟ್ಟೆ.

ಹಾಗಾಗಿ ನಿರ್ಧಾರ ಎರಡನೇ ಸಾಲಿನೊಳಗೆ ಬರಲಿ. ಆಮೇಲೆ ಒಂದೇ ಒಂದು ಕಾರಣ, ಅದೂ ಇಂಟರ್‌ವ್ಯೂನಲ್ಲಿ ನೀವೇ ಕೇಳಿ ನೋಡಿದ ಕೆಲಸಕ್ಕೆ ಸಂಬಂಧಪಟ್ಟದ್ದು. ತೀರ್ಥಹಳ್ಳಿಯಿಂದ ಓಡಾಡುವುದು ಕಷ್ಟವಾದೀತು, ಮದುವೆಯಾದರೆ ಬಿಟ್ಟುಹೋದಾಳು, ಇಂಥವು ಕಾರಣಗಳೇ ಅಲ್ಲ. ನಿಮ್ಮ ನಿರ್ಧಾರದ ಹಿಂದೆ ನಿಜವಾಗಿ ಇಂಥದ್ದೇ ಇದ್ದರೆ ಮೇಲ್ ತಿದ್ದಿ ಪ್ರಯೋಜನವಿಲ್ಲ, ನಿರ್ಧಾರವನ್ನೇ ಮತ್ತೊಮ್ಮೆ ನೋಡಬೇಕು. ಆಯ್ಕೆಯಾದವರ ಜೊತೆ ಹೋಲಿಸುವುದೂ ಬೇಡ. ಹುದ್ದೆಗೆ ಏನು ಬೇಕಿತ್ತು, ಅದರಲ್ಲಿ ಏನು ಕಡಿಮೆ ಬಿತ್ತು, ಅಷ್ಟು ಸಾಕು.

ನಿಮ್ಮ ಹುದ್ದೆಗೆ ಜಿಎಸ್‌ಟಿ ಅನುಭವ ಬೇಕಿತ್ತು ಅಂತ ಇಟ್ಟುಕೊಂಡರೆ, ನಾನು ಬರೆಯುವುದು ಹೀಗೆ (ಮೊದಲಿಗೆ ಆಕೆಯ ಹೆಸರು ಹಾಕಿ, ಕಾಗುಣಿತ ಎರಡು ಸಲ ನೋಡಿ):

"ನಮಸ್ಕಾರ. ಮೂರು ಸಲ ಬಂದು ನಮ್ಮ ಜೊತೆ ಮಾತಾಡಿದ್ದಕ್ಕೆ ಧನ್ಯವಾದ. ಈ ಹುದ್ದೆಗೆ ನಾವು ಬೇರೊಬ್ಬರನ್ನು ಆಯ್ಕೆ ಮಾಡಿದ್ದೇವೆ. ಪ್ರತಿ ತಿಂಗಳು 20ರೊಳಗೆ ಜಿಎಸ್‌ಟಿಆರ್-3ಬಿ ಸಲ್ಲಿಸುವುದನ್ನು ಮೊದಲ ತಿಂಗಳಿಂದಲೇ ಒಬ್ಬರೇ ನೋಡಿಕೊಳ್ಳಬೇಕಿತ್ತು, ನೀವು ಇದುವರೆಗೆ ಅದನ್ನು ಇನ್ನೊಬ್ಬರ ಕೈಕೆಳಗೆ ಮಾತ್ರ ಮಾಡಿದ್ದೀರಿ. ಬ್ಯಾಂಕ್ ಲೆಕ್ಕ ತಾಳೆ ಮಾಡುವ ಪರೀಕ್ಷೆಯಲ್ಲಿ ನಾವು ಇಟ್ಟಿದ್ದ ಎರಡೂ ತಪ್ಪನ್ನು ನೀವು ಹಿಡಿದಿರಿ, ಅದು ನಮಗೆ ತುಂಬಾ ಹಿಡಿಸಿತು. ಏನಾದರೂ ಕೇಳುವುದಿದ್ದರೆ ಇದೇ ಮೇಲ್‌ಗೆ ಬರೆಯಿರಿ."

ಹೊಗಳಿಕೆಯ ಸಾಲು ನೋಡಿ. ಸುಮ್ನೆ "ನಿಮ್ಮಲ್ಲಿ ಪ್ರತಿಭೆ ಇದೆ" ಅಂದರೆ ಎಲ್ಲರಿಗೂ ಕಳಿಸುವ ಮಾತು ಅಂತ ಗೊತ್ತಾಗುತ್ತದೆ. ನಡೆದ ಒಂದು ಸಂಗತಿ ಹೇಳಿದರೆ ತನ್ನನ್ನು ಗಮನಿಸಿದ್ದಾರೆ ಅಂತ ಆಕೆಗೆ ತಿಳಿಯುತ್ತದೆ, ಮುಂದಿನ ಇಂಟರ್‌ವ್ಯೂನಲ್ಲಿ ಅದನ್ನೇ ಹೇಳಿಕೊಳ್ಳಬಹುದು. "ಮುಂದೆ ಖಂಡಿತ ಕರೆಯುತ್ತೇವೆ" ಅಂತ ಮಾತ್ರ ಬರೆಯಬೇಡಿ, ನಿಜವಾಗಿ ಕರೆಯುವ ಹುದ್ದೆ ಕಣ್ಣೆದುರಿಗೆ ಇದ್ದರೆ ಬೇರೆ ಮಾತು.

ಇನ್ನು ಯಾವಾಗ ಕಳಿಸುವುದು? ಆಯ್ಕೆಯಾದವರು ಆಫರ್ ಒಪ್ಪಿದ ದಿನವೇ. ಅವರು ಒಪ್ಪುವುದು ತಡವಾದರೆ ಆಕೆಯನ್ನು ಸುಮ್ನೆ ಕಾಯಿಸಬೇಡಿ. ಮೊದಲ ಆಯ್ಕೆ ಬೇರೆಯವರು, ಅವರ ಉತ್ತರ ಇಂಥ ದಿನದೊಳಗೆ ಗೊತ್ತಾಗುತ್ತದೆ ಅಂತ ಇದ್ದದ್ದನ್ನೇ ತಿಳಿಸಿ. ಅಷ್ಟರಲ್ಲಿ ಬೇರೆ ಕಡೆ ಕೆಲಸ ಸಿಕ್ಕರೆ ಏನು ಮಾಡಬೇಕು ಅಂತ ಆಕೆಯೇ ತೀರ್ಮಾನಿಸಲಿ.