‘ಬಾರೇ, ಹೊತ್ತಾಯ್ತು’: ಸತ್ತ ಅಕ್ಕ ಕನಸಿನಲ್ಲಿ ಕರೆದಾಗ

(ಗುರುತು ಸಿಗದಂತೆ ವಿವರಗಳನ್ನು ಬದಲಿಸಿದ್ದೇನೆ.)

ಸಲಹೆ ಕೇಳಿ ನನ್ನ ಬಳಿ ಬಂದವರು ನಲವತ್ತಾರರ ಗೃಹಿಣಿ. ಅಕ್ಕ ತೀರಿಕೊಂಡು ನಾಲ್ಕು ತಿಂಗಳಾಗಿತ್ತು. ವಾರಕ್ಕೆರಡು ಸಲ ಒಂದೇ ಕನಸು: ಹೊಸ್ತಿಲಾಚೆ ನಿಂತ ಅಕ್ಕ ಕೈಚಾಚಿ, “ಬಾರೇ, ಹೊತ್ತಾಯ್ತು” ಅನ್ನುತ್ತಾಳೆ. ‘ಬೆಳಗಿನ ಜಾವದ ಕನಸು, ಕರೆ ಬಂದಿದೆ’ ಎಂದು ಯಾರೋ ಹೇಳಿದ ಮೇಲೆ ಇವರು ಬಸ್ಸು ಹತ್ತುವುದನ್ನೇ ಬಿಟ್ಟಿದ್ದರು. ಅಕ್ಕನ ಸೀರೆಯನ್ನು ನಾದಿನಿಗೆ ಕೊಟ್ಟುಬಿಟ್ಟಿದ್ದರು. ಮೂರು ಗಂಟೆಯವರೆಗೆ ದೀಪ ಹಾಕಿಕೊಂಡು ಕೂರುತ್ತಿದ್ದರು.

ಇಂಥ ಕನಸು ಕೇಳಿದಾಗ ನಾನು ಮೊದಲು ನೇರವಾಗಿ ಕೇಳುವುದು ಒಂದೇ: “ಎಚ್ಚರವಿದ್ದಾಗ ಅಕ್ಕನ ಹತ್ತಿರ ಹೋಗಿಬಿಡೋಣ, ಸತ್ತುಹೋಗೋಣ ಅನ್ನಿಸುತ್ತಾ?” ಹೌದು ಅಂದಿದ್ದರೆ ಕನಸಿನ ಮಾತು ಬದಿಗಿಟ್ಟು, ಮನೆಯವರನ್ನು ಕರೆಸಿ ಅವತ್ತೇ ಮನೋವೈದ್ಯರ ಬಳಿ ಕಳಿಸುತ್ತಿದ್ದೆ; ರಾತ್ರಿ ಹೊತ್ತಿಗೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ ನಂಬರ್ 14416 ಕೂಡ ಬರೆದುಕೊಡುತ್ತಿದ್ದೆ. ಇವರು, “ಅಯ್ಯೋ ಇಲ್ಲ ಮೇಡಂ, ನಾನು ಹೋದ್ರೆ ಮಗಳ ಮದುವೆ ಯಾರು ಮಾಡ್ತಾರೆ?” ಅಂದರು. ಇದು ಸಾವಿನ ಆಸೆಯಲ್ಲ, ಸಾವಿನ ಭಯ.

ಹಾಗಾದರೆ ಆ ಮಾತು ಎಲ್ಲಿಯದು? “ಅಕ್ಕ ಬದುಕಿದ್ದಾಗ ಹಾಗೆ ಯಾವಾಗ ಅಂತಿದ್ರು?” ಎಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು ಅತ್ತರು. ಚಿಕ್ಕವರಿದ್ದಾಗ ದಿನಾ ಶಾಲೆಗೆ ಹೊರಡುವಾಗ ಅಕ್ಕ ಬಾಗಿಲಲ್ಲಿ ನಿಂತು ಕೂಗುತ್ತಿದ್ದ ಮಾತದು. ಕನಸು ಕಟ್ಟಿದ್ದು ಹಳೆಯ ನೆನಪಿನಿಂದ. ‘ಕರೆ’ ಎಂಬ ಅರ್ಥ ಆಮೇಲೆ ಹೊರಗಿನಿಂದ ಬಂದು ಅಂಟಿಕೊಂಡಿತ್ತು.

ಬೆಳಗಿನ ಜಾವದ ವಿಷಯವನ್ನೂ ಬಿಡಿಸಿ ಹೇಳಿದೆ. ಕನಸಿನ ನಿದ್ದೆ ಎಲ್ಲರಿಗೂ ರಾತ್ರಿಯ ಕೊನೆಯ ಪಾಲಿನಲ್ಲೇ ಹೆಚ್ಚು. ಬೆಚ್ಚಿ ಎದ್ದ ಕನಸು ನೆನಪಿನಲ್ಲಿ ಉಳಿಯುತ್ತದೆ, ಉಳಿದವು ಅಳಿಸಿಹೋಗುತ್ತವೆ. ನಿದ್ದೆಗೆಟ್ಟಷ್ಟೂ ಮುಂದಿನ ನಿದ್ದೆಯಲ್ಲಿ ಕನಸು ದಟ್ಟವಾಗುತ್ತದೆ. ಹಾಗಾಗಿ ದೀಪ ಹಾಕಿ ಕೂರುವುದು ಭಯವನ್ನೇ ಸಾಕಿದಂತೆ. ಕೆಲವು ಬಿಪಿ ಮಾತ್ರೆಗಳಿಂದಲೂ ಕೆಟ್ಟ ಕನಸು ಬೀಳುವುದುಂಟು. ಇವರು ಯಾವ ಮಾತ್ರೆಯನ್ನೂ ತೆಗೆದುಕೊಳ್ಳುತ್ತಿರಲಿಲ್ಲ.

ಆಮೇಲೆ ಕೊಟ್ಟ ಕೆಲಸ: ಕನಸನ್ನು ನೋಟ್‌ಬುಕ್ಕಿನಲ್ಲಿ ಬರೆಯಿರಿ, ನಿಮಗೆ ಬೇಕಾದ ಕಡೆ ಬದಲಿಸಿ. ಬದಲಿಸಿದ್ದನ್ನು ಮಾತ್ರ ದಿನಾ ಹಗಲಿನಲ್ಲಿ ಹತ್ತು ಹದಿನೈದು ನಿಮಿಷ ಕಣ್ಣುಮುಚ್ಚಿ ನೋಡಿ. ಹೇಗೆ ಬದಲಿಸಬೇಕೆಂದು ನಾನು ಹೇಳುವುದಿಲ್ಲ. ನನ್ನ ಕಲ್ಪನೆ ಅವರ ನಿದ್ದೆಗೆ ಒಗ್ಗದು. ಅವರು ಬರೆದು ತಂದದ್ದು: “ಅಕ್ಕ, ನಾನು ಈಗ ಬರಲ್ಲ. ನೀನೇ ಒಳಗೆ ಬಾ, ಕಾಫಿ ಮಾಡ್ತೀನಿ.”

ಮಹಾಲಯ ಅಮಾವಾಸ್ಯೆಗೆ ಎಡೆ ಇಡಬಹುದಾ ಅಂತ ಕೇಳಿದರು. ಖಂಡಿತ ಇಡಿ, ಅಕ್ಕನಿಗೆ ಇಷ್ಟವಾದ ಅಡುಗೆಯನ್ನೇ ಮಾಡಿ ಅಂದೆ. ಆದರೆ ಪ್ರತಿ ಕನಸಿಗೂ ಶಾಸ್ತ್ರ ಕೇಳಿಸುವುದು, ತಾಯತ ಕಟ್ಟಿಸುವುದು ಬೇಡ. ಅದರಿಂದ ಸಿಗುವ ಸಮಾಧಾನ ಮುಂದಿನ ಕನಸಿನವರೆಗೆ ಮಾತ್ರ.

ಮೊದಲ ವಾರ ಕನಸು ಹಾಗೇ ಬಂತು. ಮೂರನೇ ವಾರ ಒಮ್ಮೆ ಬಂದಾಗ ಅಕ್ಕ ಜಗಲಿಯ ಮೇಲೆ ಸುಮ್ಮನೆ ಕೂತಿದ್ದಳಂತೆ. ಆರನೇ ವಾರಕ್ಕೆ ಇವರು ಬಸ್ಸಿನಲ್ಲೇ ಬಂದರು, ನಾದಿನಿಯಿಂದ ವಾಪಸು ಕೇಳಿ ತಂದ ಸೀರೆ ಉಟ್ಟು. ಬಾಗಿಲ ಕಡೆ ಮುಖ ಮಾಡಿ ಮಲಗಲು ಮಾತ್ರ ಇನ್ನೂ ಆಗುತ್ತಿಲ್ಲ ಅಂದರು. ಅದಕ್ಕೆ ನಾನು ಒತ್ತಾಯಿಸಲಿಲ್ಲ.