ಹೊಸ ಬಟ್ಟೆ ಹಾಕಿದ ಗುಮಾಸ್ತನ ಕತೆ ನಂಬುವಂತೆ ಬರುತ್ತಿಲ್ಲ

"ನನ್ನ ಕತೆಯಲ್ಲಿ ನಾಚಿಕೆ ಸ್ವಭಾವದ ಗುಮಾಸ್ತ ಹೊಸ ಬಟ್ಟೆ ಹಾಕಿ ಬರುತ್ತಾನೆ, ಎಲ್ಲರೂ ಬದಲಾಗುತ್ತಾರೆ. ಓದಿದವರು ನಂಬಲ್ಲ ಅಂತಾರೆ. ಏನು ಮಾಡಲಿ?"

ಬಹುಶಃ ಬಟ್ಟೆ ಅವನಿಗೆ ಸುಲಭವಾಗಿ ಸಿಕ್ಕಿಬಿಟ್ಟಿದೆ. ನನ್ನ ಕತೆಯೂ ಅಲ್ಲೇ ಸೋತಿತ್ತು. ರಷ್ಯನ್ ಲೇಖಕ ಗೊಗೊಲ್‌ನ 1842ರ ಕತೆ 'ಓವರ್‌ಕೋಟ್' ಇಟ್ಟುಕೊಂಡು ತಿದ್ದಿದೆ.

ಮೊದಲು ಕಡೆಗಣನೆಯನ್ನು ಒಂದು ಕೆಲಸದಲ್ಲಿ ತೋರಿಸಿ. ಅಲ್ಲಿ ಸಹೋದ್ಯೋಗಿಗಳು ಕಾಗದದ ಚೂರುಗಳನ್ನು ಗುಮಾಸ್ತ ಅಕಾಕಿಯ ತಲೆ ಮೇಲೆ ಸುರಿದು ಹಿಮ ಬೀಳ್ತಿದೆ ಅಂತಾರೆ. "ಯಾರೂ ಗಮನಿಸುತ್ತಿರಲಿಲ್ಲ" ಅನ್ನುವ ಸಾಲಿಗಿಂತ ಇದು ಜಾಸ್ತಿ ನೋಯಿಸುತ್ತದೆ.

ಆಮೇಲೆ ಬೆಲೆ. ಅವನ ಹೊಸ ಕೋಟಿನ ಬೆಲೆ ಸುಮಾರು 80 ರೂಬಲ್. ಅದಕ್ಕಾಗಿ ಅವನು ಸಂಜೆಯ ಚಹಾ ಬಿಡುತ್ತಾನೆ, ರಾತ್ರಿ ಮೇಣದಬತ್ತಿ ಹಚ್ಚುವುದಿಲ್ಲ, ಅಟ್ಟೆ ಸವೆಯಬಾರದೆಂದು ತುದಿಗಾಲಲ್ಲಿ ನಡೆಯುತ್ತಾನೆ. ಇದನ್ನು ಓದಿದ ಮೇಲೆ ಆ ಕೋಟು ನಮ್ಮದೂ ಆಗುತ್ತದೆ. ನಿಮ್ಮ ಗುಮಾಸ್ತ ಏನು ಬಿಟ್ಟ? ಸಂಬಳದ ಲೆಕ್ಕ ಹಾಕಿ ಎರಡು ಮೂರು ಪುಟ ಇಲ್ಲೇ ಕೊಡಿ.

ಕೊನೆಗೆ ಆ ದಿನ. ಸಹೋದ್ಯೋಗಿಗಳನ್ನು ಒಳ್ಳೆಯವರಾಗಿ ಮಾಡಬೇಡಿ. ಗೊಗೊಲ್‌ನಲ್ಲಿ ಅವರು ಮುತ್ತಿಕೊಂಡು ಅಭಿನಂದಿಸಿ, ಪಾರ್ಟಿ ಕೊಡು ಅಂತಾರೆ. ಅವರು ಮಾತಾಡಿಸುವುದು ಕೋಟನ್ನು, ಅವನನ್ನಲ್ಲ. ಅವನೋ ನಾಚಿಕೊಂಡು, ಇದು ಹೊಸದಲ್ಲ, ಹಳೇದೇ ಅನ್ನುತ್ತಾನೆ. ಸ್ವಭಾವ ಹಾಗೇ ಉಳಿಯುತ್ತದೆ, ನೋಡಿ. ನಿಮ್ಮವನು ಆ ದಿನವೇ ಧೈರ್ಯವಾಗಿ ಮಾತಾಡಿದ್ದರೆ ಆ ಮಾತುಗಳನ್ನು ತೆಗೆಯಿರಿ.

ನಿಮ್ಮ ಕರಡು ನಾನು ಓದಿಲ್ಲ, ತೊಂದರೆ ಬೇರೆ ಕಡೆಯೂ ಇರಬಹುದು. ಪರೀಕ್ಷೆ ಹೀಗೆ: ಹೊಸ ಬಟ್ಟೆಯ ದೃಶ್ಯವೊಂದನ್ನೇ ಬಿಟ್ಟು ಉಳಿದದ್ದನ್ನು ಯಾರಿಗಾದರೂ ಓದಲು ಕೊಡಿ. ಅವನಿಗೆ ಬಟ್ಟೆ ಸಿಕ್ತಾ ಅಂತ ಕೇಳಿದರೆ ಮೊದಲ ಭಾಗ ಸರಿಯಿದೆ, ಆ ದೃಶ್ಯ ಮಾತ್ರ ತಿದ್ದಿ.